ಸಂಘಕ್ಕೊಂದು ವಿಳಾಸ, ಕಾರ್ಯದರ್ಶಿಗೊಂದು ರಜೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ನಮ್ಮ ಯಕ್ಷಗಾನ ಕಲಾ ಸಂಘ ದೊಡ್ಡದೇನೂ ಅಲ್ಲ. ಆದರೂ ಅದಕ್ಕೆ ಬರುವ ಇಮೇಲ್‌ಗಳು ಕಡಿಮೆಯಿಲ್ಲ. ಆಟಿ ತಿಂಗಳು ಹತ್ತಿರವಾಗುತ್ತಿದ್ದಂತೆ ತಾಳಮದ್ದಳೆಗೆ ತಂಡ ಕಳುಹಿಸುತ್ತೀರಾ ಎಂದು ಮಂಗಳೂರಿನಿಂದ, ಮುಂಬಯಿಯಿಂದ, ಕೊಲ್ಲಿ ದೇಶಗಳ ಕನ್ನಡ ಸಂಘಗಳಿಂದ ಪತ್ರಗಳು ಬರುತ್ತವೆ. ಮಕ್ಕಳ ನಾಟ್ಯ ತರಗತಿ ಯಾವಾಗ ಶುರು ಎಂದು ಕೇಳುವ ತಂದೆತಾಯಿಗಳಿದ್ದಾರೆ. ಪಂಚಾಯತಿನ ಕಾರ್ಯಕ್ರಮದ ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ. ಅದನ್ನು ಓದಿ ಹೇಳಬಲ್ಲವರು ಸಮಿತಿಯಲ್ಲಿ ಇದ್ದಾರೆ, ಆದರೆ ಅದು ಅವರ ಕಣ್ಣಿಗೆ ಬೀಳಬೇಕು.

ಬೀಳುತ್ತಿರಲಿಲ್ಲ. ಸಂಘಕ್ಕಿದ್ದದ್ದು ಒಂದೇ ಒಂದು ಇಮೇಲ್ ಖಾತೆ, ಅದರ ಪಾಸ್‌ವರ್ಡ್ ಸಮಿತಿಯ ಅರ್ಧ ಜನಕ್ಕೆ ಗೊತ್ತು. ಖಾತೆ ತೆರೆದವರು ಹಿಂದಿನ ಕಾರ್ಯದರ್ಶಿ. ಗುರುತು ಖಚಿತಪಡಿಸಲು ಕೊಟ್ಟ ಮೊಬೈಲ್ ಸಂಖ್ಯೆಯೂ ಅವರದೇ. ಅವರು ಶಾರ್ಜಾಕ್ಕೆ ಕೆಲಸಕ್ಕೆ ಹೋದ ಮೇಲೆ ಇಲ್ಲಿ ಯಾರಾದರೂ ಹೊಸ ಫೋನಿನಿಂದ ಖಾತೆ ತೆರೆಯಲು ಹೋದರೆ ಆರು ಅಂಕೆಯ ಕೋಡ್ ಶಾರ್ಜಾಕ್ಕೆ ಹೋಗುತ್ತಿತ್ತು. ಅವರು ಕೆಲಸದ ನಡುವೆ ಅದನ್ನು ನೋಡಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಷ್ಟರಲ್ಲಿ ಕೋಡಿನ ಅವಧಿ ಮುಗಿದಿರುತ್ತಿತ್ತು. ಇನ್ನೊಂದು ತೊಂದರೆ ಇದಕ್ಕಿಂತ ಸಣ್ಣದಾಗಿ ಕಂಡರೂ ಹೆಚ್ಚು ಹಾನಿ ಮಾಡುವಂಥದ್ದು: ಒಬ್ಬರು ಒಂದು ಪತ್ರವನ್ನು ತೆರೆದು ನೋಡಿದರೆ ಸಾಕು, ಅದು ಉಳಿದವರಿಗೆ ಓದಿದ ಪತ್ರವಾಗಿ ಕಾಣುತ್ತದೆ. ಓದಿದವರು ಉತ್ತರಿಸಿರಬೇಕು ಎಂದು ಎಲ್ಲರೂ ಸುಮ್ಮನಿರುತ್ತಾರೆ.

ಈಗಿನ ಕಾರ್ಯದರ್ಶಿಗಳು ನಿವೃತ್ತ ಅಧ್ಯಾಪಕರು, ಊರಿಗೆಲ್ಲ ಮಾಷ್ಟ್ರು. ಅವರು ಮಗಳ ಮನೆಗೆಂದು ಕೆಲವು ವಾರ ದುಬೈಗೆ ಹೊರಟಾಗ ಈ ಗಂಟನ್ನು ಬಿಡಿಸಲೇಬೇಕಾಯಿತು. ಜೊತೆ ಕಾರ್ಯದರ್ಶಿಯಾದ್ದರಿಂದ ಕೆಲಸ ನನ್ನ ಪಾಲಿಗೆ ಬಂತು.

ಸಂಘಕ್ಕೆ ಬೇಕಾದದ್ದು ಇನ್ನೊಂದು ಖಾತೆಯಲ್ಲ, ಗುಂಪು ವಿಳಾಸ. ಎರಡಕ್ಕೂ ವ್ಯತ್ಯಾಸವಿದೆ. ಗುಂಪು ವಿಳಾಸಕ್ಕೆ ಪಾಸ್‌ವರ್ಡ್ ಎಂಬುದೇ ಇಲ್ಲ, ಅದರೊಳಗೆ ಯಾರೂ ಲಾಗಿನ್ ಆಗುವುದಿಲ್ಲ. ಅದಕ್ಕೆ ಬಂದ ಪತ್ರದ ಒಂದೊಂದು ಪ್ರತಿ ಸದಸ್ಯರ ಸ್ವಂತ ಇಮೇಲ್‌ಗಳಿಗೆ ಹೋಗುತ್ತದೆ, ಅಷ್ಟೆ. ಮಾಷ್ಟ್ರು ತಮ್ಮ ಪ್ರತಿಯನ್ನು ಓದಿದರೆ ನನ್ನ ಪ್ರತಿ ಓದದ ಪತ್ರವಾಗಿಯೇ ಉಳಿಯುತ್ತದೆ. ಸಮಿತಿ ಬದಲಾದರೆ ಸದಸ್ಯರ ಪಟ್ಟಿಯಲ್ಲಿ ಒಂದು ಹೆಸರು ತೆಗೆದು ಇನ್ನೊಂದು ಸೇರಿಸಿದರಾಯಿತು. ಹೊರಗಿನವರಿಗೆ ವಿಳಾಸ ಅದೇ.

ನಾವು ಆರಿಸಿದ್ದು ಗೂಗಲ್ ಗ್ರೂಪ್ಸ್. ಸಮಿತಿಯವರೆಲ್ಲರ ಫೋನಿನಲ್ಲಿ ಜಿಮೇಲ್ ಆಗಲೇ ಇತ್ತು, ಖರ್ಚೂ ಇರಲಿಲ್ಲ. ಸಂಘದ ಹೆಸರಿನಲ್ಲೇ ಕೊನೆಗೊಳ್ಳುವ ವಿಳಾಸ ಬೇಕಾದರೆ ಡೊಮೇನ್ ಕೊಂಡು ವರ್ಷ ವರ್ಷವೂ ಹಣ ಕಟ್ಟಬೇಕು. ಕಟ್ಟಲು ಮರೆತ ವರ್ಷ ವಿಳಾಸವೇ ಹೋಗುತ್ತದೆ, ಮರೆಯುವುದರಲ್ಲಿ ನಮ್ಮ ಸಂಘಕ್ಕೆ ಒಳ್ಳೆಯ ಹೆಸರಿದೆ. ಹಾಗಾಗಿ ಪುಕ್ಕಟೆ ಸಿಗುವ, ಬಾಲ ಸ್ವಲ್ಪ ಉದ್ದವಿರುವ ವಿಳಾಸವೇ ಸಾಕೆಂದುಕೊಂಡೆವು. ನಿಜವಾದ ವಿಳಾಸವನ್ನು ಇಲ್ಲಿ ಕೊಡುವುದಿಲ್ಲ, `namma-sangha@googlegroups.com` ಎಂದಿಟ್ಟುಕೊಳ್ಳೋಣ.

ಗುಂಪು ತೆರೆಯುವುದು ಸುಲಭ. `groups.google.com` ಪುಟದಲ್ಲಿ ಹೊಸ ಗುಂಪು ಎಂಬಲ್ಲಿ ಒತ್ತಿ, ಹೆಸರು ಮತ್ತು ವಿಳಾಸ ಬರೆದು, ಯಾರು ಸೇರಬಹುದು, ಯಾರು ಓದಬಹುದು, ಯಾರು ಬರೆಯಬಹುದು ಎಂಬ ಪ್ರಶ್ನೆಗಳಿಗೆ ಉತ್ತರಿಸಿ, ಸದಸ್ಯರ ಇಮೇಲ್‌ಗಳನ್ನು ಸೇರಿಸಬೇಕು. ಸೇರುವವರನ್ನು ನಾವೇ ಆರಿಸುವುದು, ಪತ್ರಗಳನ್ನು ಸದಸ್ಯರು ಮಾತ್ರ ಓದುವುದು, ಇವೆರಡರಲ್ಲಿ ಚರ್ಚೆಗೆ ಏನೂ ಇರಲಿಲ್ಲ. ಸಂಘಕ್ಕೆ ಬಂದ ಪತ್ರಗಳು ಲೋಕಕ್ಕೆಲ್ಲ ಕಾಣುವುದು ಯಾರಿಗೆ ಬೇಕು?

ಮೂರನೆಯದರಲ್ಲಿ ಎಚ್ಚರ ಬೇಕು. ಬರೆಯುವ ಹಕ್ಕು ಸದಸ್ಯರಿಗೆ ಮಾತ್ರ ಎಂದಿದ್ದರೆ ಅದು ಸಮಿತಿಯೊಳಗಿನ ಮಾತುಕತೆಗೆ ಸರಿ, ಹೊರಗಿನವರು ಬರೆಯುವ ವಿಳಾಸಕ್ಕೆ ಸಲ್ಲ. ಮುಂಬಯಿಯವರು ಬರೆದ ಪತ್ರ ನಮ್ಮವರೆಗೆ ಬರುವುದೇ ಇಲ್ಲ. ಆ ಹೆಸರಿನ ಗುಂಪು ಇಲ್ಲದಿರಬಹುದು ಅಥವಾ ಅದಕ್ಕೆ ಬರೆಯುವ ಅನುಮತಿ ನಿಮಗಿಲ್ಲದಿರಬಹುದು ಎಂಬ ಅರ್ಥದ ಇಂಗ್ಲಿಷ್ ಪತ್ರವೊಂದು ಅವರಿಗೆ ವಾಪಸು ಹೋಗುತ್ತದೆ. ನಮಗೆ ಅದರ ಸುಳಿವೂ ಸಿಗುವುದಿಲ್ಲ. ಆದ್ದರಿಂದ `Who can post` ಎಂಬಲ್ಲಿ `Anyone on the web` ಎಂದೇ ಇಡಬೇಕು.

ಬಾಗಿಲು ಹೀಗೆ ತೆರೆದಿಟ್ಟ ಮೇಲೆ ಕಸವೂ ಬರುತ್ತದೆ. ಸದಸ್ಯರಲ್ಲದವರ ಪ್ರತಿಯೊಂದು ಪತ್ರವನ್ನೂ ತಡೆದು, ನೋಡಿ, ಬಿಡುವ ಏರ್ಪಾಡು ಸಾಧ್ಯವಿದೆ. ನಮ್ಮ ಖಜಾಂಚಿಯವರಿಗೆ ಅದು ಇಷ್ಟವಾಗಿತ್ತು. ನನಗೆ ಆಗಲಿಲ್ಲ, ಏಕೆಂದರೆ ಬರುವ ಪತ್ರಗಳೆಲ್ಲ ಹೊರಗಿನವರದೇ. ಬಿಡುವವರು ಒಂದು ದಿನ ಮದುವೆಗೆ ಹೋದರೆ ಸಂಘದ ಕೆಲಸವೇ ನಿಲ್ಲುತ್ತದೆ. ಅನುಮಾನಾಸ್ಪದವಾದವನ್ನು ಮಾತ್ರ ತಡೆದು ನಿಲ್ಲಿಸಿ ಮೇಲ್ವಿಚಾರಕರಿಗೆ ತಿಳಿಸು ಎಂಬ ಆಯ್ಕೆಗೆ ಒಪ್ಪಿಕೊಂಡೆವು. ಹಾಗೆ ತಡೆದ ಪತ್ರಗಳು ಗುಂಪಿನ ಪುಟದಲ್ಲಿ `Pending` ಎಂಬಲ್ಲಿ ಕಾಯುತ್ತಿರುತ್ತವೆ. ಅದನ್ನು ಆಗಾಗ ಇಣುಕಿ ನೋಡುವ ಹೊಣೆ ನನ್ನದು.

ಇನ್ನು ಪರೀಕ್ಷೆ. ಇದರಲ್ಲೇ ಹೆಚ್ಚಿನವರು ದಾರಿ ತಪ್ಪುತ್ತಾರೆ. ಗುಂಪು ತೆರೆದ ಕೂಡಲೇ ತಮ್ಮದೇ ಜಿಮೇಲ್‌ನಿಂದ ಅದಕ್ಕೊಂದು ಪತ್ರ ಬರೆದು ಇನ್‌ಬಾಕ್ಸ್ ನೋಡುತ್ತಾ ಕೂರುತ್ತಾರೆ. ಪತ್ರ ಬರುವುದಿಲ್ಲ. ಮಾಷ್ಟ್ರು ಕೂಡ ಹೀಗೇ ಬರೆದು, "ಇದು ಕೆಲಸ ಮಾಡುವುದಿಲ್ಲವಲ್ಲಾ" ಎಂದು ಫೋನ್ ಮಾಡಿದರು. ಗುಂಪು ಸರಿಯಾಗಿಯೇ ಇತ್ತು. ನಾವೇ ಕಳುಹಿಸಿದ ಪತ್ರ ಗುಂಪಿನ ಮೂಲಕ ನಮಗೇ ಮರಳಿ ಬಂದಾಗ, ಅದರ ಪ್ರತಿ ಕಳುಹಿಸಿದವುಗಳ ಪೆಟ್ಟಿಗೆಯಲ್ಲಿ ಆಗಲೇ ಇರುವುದನ್ನು ಜಿಮೇಲ್ ಗುರುತಿಸಿ, ಇನ್‌ಬಾಕ್ಸಿನಲ್ಲಿ ಎರಡನೆಯದನ್ನು ತೋರಿಸುವುದಿಲ್ಲ. ಉಳಿದ ಸದಸ್ಯರಿಗೆಲ್ಲ ಆ ಪತ್ರ ಬಂದಿತ್ತು. ಆದ್ದರಿಂದ ಪರೀಕ್ಷೆ ಯಾವಾಗಲೂ ಗುಂಪಿನ ಸದಸ್ಯರಲ್ಲದವರೊಬ್ಬರಿಂದ ಆಗಬೇಕು. ನನಗೆ ಪುತ್ತೂರಿನಲ್ಲಿ ಕಾಲೇಜಿಗೆ ಹೋಗುವ ತಂಗಿಯ ಮಗ ಸಿಕ್ಕಿದ. ಅವನು ಗುಂಪಿಗೆ ಬರೆದ ಪತ್ರ ನಮಗೆಲ್ಲ ಬಂತು.

ಮುಂದಿನ ಪ್ರಶ್ನೆ ಉತ್ತರದ್ದು. ಗುಂಪಿನ ಸೆಟ್ಟಿಂಗ್‌ಗಳಲ್ಲಿ `Post replies to` ಎಂಬುದೊಂದಿದೆ. ಉತ್ತರಗಳು ಇಡೀ ಗುಂಪಿಗೆ ಹೋಗಲಿ ಎಂದು ಆರಿಸಬಹುದು, ಮೂಲ ಪತ್ರ ಬರೆದವರಿಗೆ ಮಾತ್ರ ಎನ್ನಬಹುದು, ಉತ್ತರಿಸುವವರ ಇಷ್ಟಕ್ಕೆ ಬಿಡಬಹುದು. ಯಾರು ಏನು ಉತ್ತರಿಸಿದರೆಂದು ಎಲ್ಲರಿಗೂ ತಿಳಿಯಬೇಕಲ್ಲವೇ, ಆದ್ದರಿಂದ ಗುಂಪಿಗೇ ಹೋಗಲಿ ಎಂದು ಖಜಾಂಚಿಯವರ ವಾದ. ಕೇಳಲು ನ್ಯಾಯವಾಗಿಯೇ ಇತ್ತು. ಹಾಗೆಯೇ ಇಟ್ಟು ತಂಗಿಯ ಮಗನಿಂದ ಇನ್ನೊಂದು ಪತ್ರ ಬರೆಸಿದೆವು: ಮಕ್ಕಳ ತರಗತಿ ಯಾವಾಗ ಶುರು? ಮಾಷ್ಟ್ರು ಚೆಂದವಾಗಿ, ಸಮಯ ಶುಲ್ಕ ಎಲ್ಲ ವಿವರಿಸಿ ಉತ್ತರ ಬರೆದರು. ಆ ಉತ್ತರ ನನಗೆ ಬಂತು, ಖಜಾಂಚಿಯವರಿಗೆ ಬಂತು, ಭಾಗವತರಿಗೂ ಬಂತು. ಪುತ್ತೂರಿಗೆ ಫೋನ್ ಮಾಡಿ ಕೇಳಿದರೆ, "ನನಗೇನೂ ಬರಲಿಲ್ಲ ಮಾವ" ಎಂದ.

ಕಾರಣ ಇಷ್ಟೇ. ಇಮೇಲ್‌ನಲ್ಲಿ ನಮಗೆ ಕಾಣುವ ಸಾಲುಗಳಲ್ಲದೆ ಯಂತ್ರಕ್ಕೆ ಬೇಕಾದ ತಲೆಸಾಲುಗಳೂ ಇರುತ್ತವೆ. ಅವುಗಳಲ್ಲಿ `Reply-To` ಎಂಬುದಿದ್ದರೆ, ಉತ್ತರಿಸು ಎಂದು ಒತ್ತಿದಾಗ ಪತ್ರ ಅಲ್ಲಿಗೆ ಹೋಗುತ್ತದೆಯೇ ಹೊರತು ಬರೆದವರಿಗಲ್ಲ. ಗುಂಪಿಗೇ ಹೋಗಲಿ ಎಂದು ನಾವು ಆರಿಸಿದಾಗ ಗೂಗಲ್ ಮಾಡುವುದೂ ಇದನ್ನೇ: ಹಂಚುವ ಪ್ರತಿಯೊಂದು ಪ್ರತಿಯಲ್ಲಿ ಗುಂಪಿನ ವಿಳಾಸವನ್ನು `Reply-To` ಆಗಿ ಹಾಕುತ್ತದೆ. ಬರೆದವರೂ ಗುಂಪಿನ ಸದಸ್ಯರಾಗಿದ್ದರೆ ಅವರಿಗೂ ತಲುಪೀತು. ಆದರೆ ನಮಗೆ ಬರೆಯುವವರು ಹೊರಗಿನವರು, ಅವರು ಸದಸ್ಯರಲ್ಲ. ಎಲ್ಲರಿಗೂ ಉತ್ತರಿಸು ಎಂದು ಒತ್ತಿದರೂ ಬರೆದವರ ಹೆಸರು ಸೇರುವುದಿಲ್ಲ. ಈ ದೋಷದ ಕೆಟ್ಟ ಗುಣವೆಂದರೆ ಒಳಗಿನಿಂದ ನೋಡಿದರೆ ಏನೂ ತಪ್ಪು ಕಾಣದಿರುವುದು. ಪತ್ರ ಬಂದಿದೆ, ಉತ್ತರ ಹೋಗಿದೆ, ಎಲ್ಲರೂ ಅದನ್ನು ಓದಿದ್ದಾರೆ. ಹೊರಗಿನವರು ಮಾತ್ರ ಈ ಸಂಘದವರಿಗೆ ಮರ್ಯಾದೆಯಿಲ್ಲ ಎಂದುಕೊಂಡು ಬೇರೆ ತಂಡವನ್ನು ಕರೆಸಿಕೊಳ್ಳುತ್ತಾರೆ.

ಉತ್ತರಿಸುವವರ ಇಷ್ಟಕ್ಕೆ ಬಿಡುವ ಆಯ್ಕೆಗೆ ಬದಲಿಸಿದೆವು. ಆಗ ಗುಂಪು ಆ ಸಾಲನ್ನು ಸೇರಿಸುವುದಿಲ್ಲ. ಉತ್ತರಿಸು ಎಂದರೆ ಬರೆದವರಿಗೆ ಮಾತ್ರ, ಎಲ್ಲರಿಗೂ ಉತ್ತರಿಸು ಎಂದರೆ ಬರೆದವರಿಗೂ ಗುಂಪಿಗೂ. ನಮಗೆ ಬೇಕಾದದ್ದು ಎರಡನೆಯದು. ಪ್ರತಿ ಸಲ ನೆನಪಿಡುವ ಕಷ್ಟ ತಪ್ಪಲೆಂದು ಸಮಿತಿಯವರ ಜಿಮೇಲ್ ಸೆಟ್ಟಿಂಗ್‌ಗಳಲ್ಲಿ `Default reply behavior` ಎಂಬುದನ್ನು `Reply all` ಮಾಡಿಕೊಟ್ಟೆ. ಖಜಾಂಚಿಯವರು ಬಯಸಿದ್ದು, ಅಂದರೆ ಎಲ್ಲರಿಗೂ ತಿಳಿಯುವುದು, ಇದರಿಂದ ಸಾಧ್ಯವಾಯಿತು. ಒಂದೇ ಪತ್ರಕ್ಕೆ ಇಬ್ಬರು ಎರಡು ಬಗೆಯ ಉತ್ತರ ಕೊಡುವುದೂ ತಪ್ಪಿತು, ಏಕೆಂದರೆ ಮೊದಲಿನವರ ಉತ್ತರ ಕೂಡಲೇ ಉಳಿದವರ ಇನ್‌ಬಾಕ್ಸಿಗೆ ಬರುತ್ತದೆ.

ಇಷ್ಟಾದರೂ ಒಂದು ಕಡೆ ಸೋರುತ್ತಿತ್ತು. ಮಾಷ್ಟ್ರು ಉತ್ತರಿಸಿದಾಗ ಅದು ಹೋಗುವುದು ಅವರ ಸ್ವಂತ ವಿಳಾಸದಿಂದ. ಅದನ್ನು ಪಡೆದವರು ಬರೀ ಉತ್ತರಿಸು ಎಂದು ಒತ್ತಿದರೆ ಮುಂದಿನ ಮಾತೆಲ್ಲ ಮಾಷ್ಟ್ರೊಬ್ಬರಿಗೇ ಹೋಗುತ್ತದೆ, ಗುಂಪು ಹೊರಗುಳಿಯುತ್ತದೆ. ಇದಕ್ಕೆ ಜಿಮೇಲ್‌ನಲ್ಲಿ ಒಂದು ಮದ್ದಿದೆ. ಸೆಟ್ಟಿಂಗ್‌ಗಳ `Accounts and Import` ಎಂಬಲ್ಲಿ ನಮ್ಮ ವಿಳಾಸದ ಎದುರಿನ `edit info` ಒತ್ತಿದರೆ, ಉತ್ತರಗಳು ಬೇರೊಂದು ವಿಳಾಸಕ್ಕೆ ಬರಲಿ ಎಂದು ಹೇಳಬಹುದು. ಅಲ್ಲಿ ಗುಂಪಿನ ವಿಳಾಸ ಹಾಕಿದರೆ ಮುಗಿಯಿತು. ಹಿಂದೆ ಕಾಟ ಕೊಟ್ಟ ಅದೇ `Reply-To` ಸಾಲು ಇಲ್ಲಿ ಉಪಕಾರಕ್ಕೆ ಬರುತ್ತದೆ.

ಆದರೆ ಈ ಮದ್ದು ಆ ವಿಳಾಸದಿಂದ ಹೋಗುವ ಎಲ್ಲ ಪತ್ರಗಳಿಗೂ ಅನ್ವಯಿಸುತ್ತದೆ. ಮಾಷ್ಟ್ರ ಪಿಂಚಣಿಯ ವಿಚಾರ, ವೈದ್ಯರ ವರದಿ, ಮಗಳ ಪತ್ರ ಎಲ್ಲ ಅದೇ ಜಿಮೇಲ್‌ನಲ್ಲಿವೆ. ಮಗಳು ಕೊಟ್ಟ ಉತ್ತರ ನೇರವಾಗಿ ಯಕ್ಷಗಾನ ಸಮಿತಿಗೆ ಬಂದರೆ? ಮಾಷ್ಟ್ರು ನಕ್ಕರು, ಆದರೆ ಬೇಡವೆಂದರು. ನಾನು ಸಂಘದ ಕೆಲಸಕ್ಕೆಂದೇ ಬೇರೊಂದು ಜಿಮೇಲ್ ತೆರೆದು, ಅದನ್ನೇ ಗುಂಪಿನ ಸದಸ್ಯನನ್ನಾಗಿ ಮಾಡಿ, ಉತ್ತರದ ವಿಳಾಸವಾಗಿ ಗುಂಪನ್ನು ಕೊಟ್ಟೆ. ಅದರ ಪಾಸ್‌ವರ್ಡ್ ನನ್ನೊಬ್ಬನಿಗೇ ಗೊತ್ತು. ಮಾಷ್ಟ್ರಿಗೆ ಉಳಿದ ದಾರಿಯೆಂದರೆ ಸಹಿಯಲ್ಲಿ ಸಂಘದ ವಿಳಾಸವನ್ನು ಕಣ್ಣಿಗೆ ಕುಕ್ಕುವಂತೆ ಬರೆಯುವುದು.

ಸಹಿ ಎಂದರೆ ಮಾಷ್ಟ್ರ ಮನಸ್ಸಿನಲ್ಲಿದ್ದದ್ದು ಸಂಘದ ಲೆಟರ್‌ಹೆಡ್: ಮೇಲೆ ಕಿರೀಟದ ಚಿತ್ರ, ಕೆಳಗೆ ಪದಾಧಿಕಾರಿಗಳ ಹೆಸರು, ಎಲ್ಲ. ಅದರ ಕಡತ ಡಿಟಿಪಿ ಅಂಗಡಿಯಲ್ಲಿತ್ತು. ಅಲ್ಲಿಂದ ಅಕ್ಷರಗಳನ್ನು ಎತ್ತಿ ಜಿಮೇಲ್‌ನಲ್ಲಿ ಇಟ್ಟರೆ ಕನ್ನಡ ಎಂಬ ಪದ `PÀ£ÀßqÀ` ಎಂದು ಕಾಣಿಸಿತು. ನುಡಿ ತಂತ್ರಾಂಶದ ಫಾಂಟಿನಲ್ಲಿ ಟೈಪು ಮಾಡಿದ ಹಳೆಯ ಕಡತಗಳ ಗತಿಯೇ ಇದು. ಅವುಗಳಲ್ಲಿ ಒಳಗಿರುವುದು ಇಂಗ್ಲಿಷ್ ಮತ್ತಿತರ ಚಿಹ್ನೆಗಳು, ಆ ಫಾಂಟ್ ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಇಮೇಲ್ ಓದುವವರ ಫೋನಿನಲ್ಲಿ ಆ ಫಾಂಟ್ ಇರುವುದಿಲ್ಲ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಬಹುದು. ನಾಲ್ಕು ಸಾಲಿಗೆ ಅಷ್ಟೇಕೆ ಎಂದು ಹೊಸದಾಗಿಯೇ ಟೈಪು ಮಾಡಿದೆ. ಲೆಟರ್‌ಹೆಡ್ಡನ್ನೇ ಚಿತ್ರವಾಗಿ ಅಂಟಿಸಲು ನಾನು ಒಪ್ಪಲಿಲ್ಲ. ಚಿತ್ರದಲ್ಲಿರುವ ಫೋನ್ ಸಂಖ್ಯೆಯನ್ನು ಒತ್ತಿ ಕರೆ ಮಾಡಲಾಗದು, ವಿಳಾಸವನ್ನು ನಕಲಿಸಲಾಗದು. ಚಿತ್ರಗಳನ್ನು ತೋರಿಸದ ಕಚೇರಿ ಕಂಪ್ಯೂಟರಿನಲ್ಲಿ ಅಲ್ಲಿ ಬರೀ ಖಾಲಿ ಚೌಕ ಕಾಣಿಸುತ್ತದೆ. ಕೊನೆಗೆ ಉಳಿದದ್ದು ಇಷ್ಟು:

```
(ಹೆಸರು), ಕಾರ್ಯದರ್ಶಿ
(ಸಂಘದ ಹೆಸರು), ಬದಿಯಡ್ಕ, ಕಾಸರಗೋಡು ಜಿಲ್ಲೆ, ಕೇರಳ
ಸಂಘದ ವಿಚಾರಕ್ಕೆ ದಯವಿಟ್ಟು ಇಲ್ಲಿಗೇ ಬರೆಯಿರಿ:
namma-sangha@googlegroups.com
ಫೋನ್ (ಸಂಜೆ 5ರಿಂದ 8): +91 ...
```

ದೇಶದ ಸಂಖ್ಯೆ ಬೇಕೆಂದದ್ದು ಕೊಲ್ಲಿಯಿಂದ ಕರೆ ಮಾಡುವವರಿಗಾಗಿ. ಸಂಜೆಯ ಹೊತ್ತೆಂದು ಬರೆಸಿದವರು ಮಾಷ್ಟ್ರ ಮನೆಯವರು. ಮಧ್ಯಾಹ್ನದ ನಿದ್ದೆಗೆ ಭಂಗವಾಗಬಾರದಂತೆ. ಇದರ ಕೆಳಗೆ ಇದನ್ನೇ ಇಂಗ್ಲಿಷಿನಲ್ಲಿಯೂ ಬರೆದೆವು. ಊರಿನ ಹೆಸರನ್ನು ಕನ್ನಡದಲ್ಲಿ ಮಾತ್ರ ಬರೆದರೆ ಇಲ್ಲಿನ ಕೊರಿಯರ್‌ನವರಿಗೇ ಓದಲು ಬರುವುದಿಲ್ಲ.

ಸಹಿ ಬರೆದು ಉಳಿಸಿದರೂ ಅದು ಪತ್ರಗಳಲ್ಲಿ ಕಾಣಲಿಲ್ಲವೆಂದು ಮಾಷ್ಟ್ರು ಹೇಳಿದರು. ನೋಡಬೇಕಾದದ್ದು ಮೂರು ಕಡೆ. ಸಹಿಯ ಪೆಟ್ಟಿಗೆಯ ಕೆಳಗೆ ಹೊಸ ಪತ್ರಗಳಿಗೆ ಯಾವ ಸಹಿ, ಉತ್ತರಗಳಿಗೆ ಯಾವ ಸಹಿ ಎಂದು ಬೇರೆ ಬೇರೆಯಾಗಿ ಆರಿಸಬೇಕು. ಸಂಘದ ಪತ್ರವ್ಯವಹಾರವೆಲ್ಲ ಉತ್ತರಗಳೇ ಆದ್ದರಿಂದ ಎರಡನೆಯದನ್ನು ಬಿಟ್ಟರೆ ಸಹಿ ಇದ್ದೂ ಇಲ್ಲದಂತೆ. ಎರಡನೆಯ ಕಡೆ ಅದರ ಕೆಳಗಿನ ಚೌಕ. ಅದಕ್ಕೆ ಗುರುತು ಹಾಕದಿದ್ದರೆ ಉತ್ತರದಲ್ಲಿ ಸಹಿ ಹಳೆಯ ಪತ್ರದ ಕೆಳಗೆ ಹೋಗಿ ಕೂರುತ್ತದೆ. ಹಳೆಯ ಪತ್ರವನ್ನು ಜಿಮೇಲ್ ಮೂರು ಚುಕ್ಕೆಗಳ ಹಿಂದೆ ಮಡಚಿಡುವುದರಿಂದ ಸಹಿಯೂ ಅದರೊಂದಿಗೆ ಮರೆಯಾಗುತ್ತದೆ. ಗುರುತು ಹಾಕಿದರೆ ನಮ್ಮ ಮಾತಿನ ಕೆಳಗೇ ಬರುತ್ತದೆ. ಮೂರನೆಯದು ಫೋನ್. ಮಾಷ್ಟ್ರು ಬರೆಯುವುದು ಹೆಚ್ಚಾಗಿ ಫೋನಿನಲ್ಲಿ, ಅಲ್ಲಿನ ಜಿಮೇಲ್ ಆ್ಯಪಿಗೆ ಅದರದೇ ಬೇರೆ ಸಹಿ, `Mobile Signature` ಎಂದು. ಅದರಲ್ಲಿ ಬಣ್ಣ, ಚಿತ್ರ ಯಾವುದೂ ಇಲ್ಲ, ಬರೀ ಅಕ್ಷರ. ನಾಲ್ಕು ಸಾಲಿನ ಸರಳ ಸಹಿ ಅಲ್ಲಿಗೂ ಹಾಗೆಯೇ ಹೊಂದಿತು. ಅಂದಹಾಗೆ, ಕಂಪ್ಯೂಟರಿನಲ್ಲಿ ಪುಟದ ತೀರಾ ಕೆಳಗೆ ಹೋಗಿ `Save Changes` ಒತ್ತದೆ ಹೊರಬಂದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಇಷ್ಟಾಗುವಷ್ಟರಲ್ಲಿ ದುಬೈಯ ದಿನ ಹತ್ತಿರವಾಗಿತ್ತು. ಮಾಷ್ಟ್ರ ಜಿಮೇಲ್‌ನಲ್ಲಿ ರಜಾ ಉತ್ತರ ಇಟ್ಟೆವು. `Vacation responder` ಎಂಬಲ್ಲಿ ಮೊದಲ ದಿನ, ಕೊನೆಯ ದಿನ, ವಿಷಯ, ಉತ್ತರ ಇಷ್ಟನ್ನು ತುಂಬಬೇಕು. ಮೊದಲ ದಿನದ ನಡುರಾತ್ರಿ 12ಕ್ಕೆ ಶುರುವಾಗಿ ಕೊನೆಯ ದಿನದ ರಾತ್ರಿ 11.59ಕ್ಕೆ ತಾನಾಗಿ ನಿಲ್ಲುತ್ತದೆ. ಪರೀಕ್ಷೆಗೆಂದು ಶುರುವಿನ ದಿನವನ್ನು ಆ ದಿನಕ್ಕೇ ಇಟ್ಟು ಪುತ್ತೂರಿನವನಿಗೆ ಹೇಳಿದೆ. ಅವನು ಗುಂಪಿಗೆ ಬರೆದ. ಉತ್ತರವಿಲ್ಲ. ನೇರವಾಗಿ ಮಾಷ್ಟ್ರ ವಿಳಾಸಕ್ಕೆ ಬರೆದ. ಕ್ಷಣದಲ್ಲಿ ರಜಾ ಉತ್ತರ ಹೋಯಿತು.

ಇದು ಕೆಟ್ಟುಹೋದದ್ದಲ್ಲ, ಇರುವುದೇ ಹೀಗೆ. ಗುಂಪಿನ ಮೂಲಕ ಬಂದ ಪತ್ರವನ್ನು ತೆರೆದು ಮೂರು ಚುಕ್ಕೆಗಳ ಪಟ್ಟಿಯಲ್ಲಿ `Show original` ಒತ್ತಿದರೆ ತಲೆಸಾಲುಗಳ ನಡುವೆ ಇಂಥವು ಕಾಣುತ್ತವೆ:

```
Precedence: list
List-ID: <namma-sangha.googlegroups.com>
```

ಇದು ಒಬ್ಬರಿಗೆ ಬರೆದ ಪತ್ರವಲ್ಲ, ಪಟ್ಟಿಯ ಮೂಲಕ ಹಂಚಿದ್ದು ಎಂದು ಆ ಸಾಲುಗಳು ಹೇಳುತ್ತವೆ. ಜಿಮೇಲ್‌ನ ರಜಾ ಉತ್ತರ ಅಂಥ ಪತ್ರಗಳಿಗೆ ಬಾಯಿ ತೆರೆಯುವುದಿಲ್ಲ. ಸ್ಪ್ಯಾಮ್‌ಗೂ ಇಲ್ಲ. ತಾನಾಗಿ ಹೋಗುವ ಉತ್ತರಗಳು ಹೇಗೆ ನಡೆದುಕೊಳ್ಳಬೇಕೆಂದು ಆರ್‌ಎಫ್‌ಸಿ 3834 ಎಂಬ 2004ರ ದಾಖಲೆ ಹೇಳುವುದೂ ಇದನ್ನೇ. ಕಾರಣವಿದೆ. ನೂರು ಜನರ ಗುಂಪೊಂದರಲ್ಲಿ ಹತ್ತು ಮಂದಿ ರಜೆಯಲ್ಲಿದ್ದರೆ ಒಂದು ಪತ್ರಕ್ಕೆ ಹತ್ತು ರಜಾ ಉತ್ತರಗಳು ಬರುತ್ತವೆ. ಅವು ಗುಂಪಿಗೇ ಬಂದರೆ ಅವುಗಳಿಗೆ ಮತ್ತೆ ಉತ್ತರ, ಅದಕ್ಕೆ ಇನ್ನೊಂದು. ತಾಳ ತಟ್ಟಿ ನಿಲ್ಲಿಸಲು ಭಾಗವತರೇ ಇಲ್ಲದ ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ವಾದಕ್ಕೆ ಬಿದ್ದಂತೆ, ಬೆಳಗಾದರೂ ಮುಗಿಯದು. ಆದ್ದರಿಂದ ಪಟ್ಟಿಯಿಂದ ಬಂದದ್ದಕ್ಕೆ ಉತ್ತರಿಸಬಾರದು, ಒಬ್ಬರಿಗೇ ಮತ್ತೆ ಮತ್ತೆ ಉತ್ತರಿಸಬಾರದು ಎಂಬ ಕಟ್ಟುಪಾಡು.

ಎರಡನೆಯ ಕಟ್ಟುಪಾಡೂ ಪರೀಕ್ಷೆಯಲ್ಲಿ ಎದುರಾಯಿತು. ಪುತ್ತೂರಿನವನು ಮಾಷ್ಟ್ರಿಗೆ ಇನ್ನೊಂದು ಸಲ ಬರೆದಾಗ ಏನೂ ಹೋಗಲಿಲ್ಲ. ಒಬ್ಬರಿಗೆ ಒಮ್ಮೆ ಉತ್ತರ ಹೋದ ಮೇಲೆ ನಾಲ್ಕು ದಿನದವರೆಗೆ ಜಿಮೇಲ್ ಅವರಿಗೆ ಮತ್ತೆ ಕಳುಹಿಸುವುದಿಲ್ಲ. ಉತ್ತರದ ಮಾತುಗಳನ್ನು ಸ್ವಲ್ಪ ತಿದ್ದಿ ಉಳಿಸಿದರೆ ಆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಇದು ತಿಳಿಯದವರು ಎರಡನೆಯ ಪರೀಕ್ಷೆಯಲ್ಲಿ ಸೋತು, ಸರಿಯಿದ್ದದ್ದನ್ನು ಕೆದಕಿ ಕೆಡಿಸುತ್ತಾರೆ.

ಹಾಗಾದರೆ ಗುಂಪಿಗೆ ಬರೆದವರಿಗೆ ಮಾಷ್ಟ್ರು ಊರಿನಲ್ಲಿಲ್ಲವೆಂದು ತಿಳಿಸುವುದು ಹೇಗೆ? ಉತ್ತರ ಗುಂಪಿನಿಂದಲೇ ಹೋಗಬೇಕು. ಗುಂಪಿನ ಸೆಟ್ಟಿಂಗ್‌ಗಳಲ್ಲಿ ಇಮೇಲ್ ಕುರಿತ ಭಾಗದಲ್ಲಿ ತಾನಾಗಿ ಹೋಗುವ ಉತ್ತರದ ಏರ್ಪಾಡೂ ಇದೆ, ಸದಸ್ಯರಿಗೆ ಬೇರೆ, ಸದಸ್ಯರಲ್ಲದವರಿಗೆ ಬೇರೆ. ಸದಸ್ಯರಿಗೆ ಬೇಕಾಗಿಲ್ಲ. ಸದಸ್ಯರಲ್ಲದವರದ್ದನ್ನು ಮಾತ್ರ ತೆರೆದು ಹೀಗೆ ಬರೆದೆವು:

```
ನಮಸ್ಕಾರ. ನಿಮ್ಮ ಪತ್ರ ಸಂಘದ ಸಮಿತಿಗೆ ತಲುಪಿದೆ.
ಈ ತಿಂಗಳ ಕೊನೆಯವರೆಗೆ ಸಂಘದ ಪತ್ರಗಳಿಗೆ ಜೊತೆ ಕಾರ್ಯದರ್ಶಿ
ಉತ್ತರಿಸುತ್ತಾರೆ. ಒಂದು ವಾರದೊಳಗೆ ನಡೆಯುವ ಕಾರ್ಯಕ್ರಮದ
ವಿಚಾರವಾದರೆ ದಯವಿಟ್ಟು ಫೋನ್ ಮಾಡಿ: +91 ...
```

ಮಾಷ್ಟ್ರ ಕರಡಿನಲ್ಲಿ ತಾವು ಕುಟುಂಬಸಮೇತ ವಿದೇಶಕ್ಕೆ ಹೋಗುತ್ತಿರುವುದು, ಮರಳುವ ದಿನ, ಎಲ್ಲವೂ ಇತ್ತು. ಯಾರು ಬರೆದರೂ ತಾನಾಗಿ ಹೋಗುವ ಕಾಗದವದು, ಮನೆಯಲ್ಲಿ ಯಾರೂ ಇಲ್ಲವೆಂದು ಅಪರಿಚಿತರಿಗೆ ಬರೆದು ತಿಳಿಸಬೇಕೇ ಎಂದು ಕೇಳಿದೆ. ತೆಗೆದರು. ಕೆಳಗೆ ಇಂಗ್ಲಿಷಿನಲ್ಲಿ ಒಂದು, ಪಂಚಾಯತಿನವರಿಗಾಗಿ ಮಲಯಾಳದಲ್ಲಿ ಒಂದು ಸಾಲು ಸೇರಿತು. ಮಾಷ್ಟ್ರ ಸ್ವಂತ ಜಿಮೇಲ್‌ನ ರಜಾ ಉತ್ತರವನ್ನೂ ಉಳಿಸಿಕೊಂಡೆವು, ಹಳೆಯ ಪರಿಚಯದವರು ಇನ್ನೂ ಅಲ್ಲಿಗೇ ಬರೆಯುತ್ತಾರಲ್ಲ. ಅಲ್ಲಿ ಸಂಪರ್ಕ ಪಟ್ಟಿಯಲ್ಲಿರುವವರಿಗೆ ಮಾತ್ರ ಉತ್ತರ ಹೋಗಲಿ ಎಂಬ ಚೌಕಕ್ಕೆ ಗುರುತು ಹಾಕಿದ್ದರಿಂದ ಸೀರೆ ಅಂಗಡಿಯ ಜಾಹೀರಾತಿಗೆಲ್ಲ ಮಾಷ್ಟ್ರ ನಮಸ್ಕಾರ ಹೋಗಲಿಲ್ಲ.

ಮಾಷ್ಟ್ರು ವಿಮಾನ ಹತ್ತಿದ ಮೇಲೆ ಬಂದ ಪತ್ರಗಳಲ್ಲಿ ಒಂದು ಮುಂಬಯಿಯ ಕನ್ನಡ ಸಂಘವೊಂದರದು. ಆಗಸ್ಟಿನ ಒಂದು ಭಾನುವಾರ ತಾಳಮದ್ದಳೆಗೆ ಐದು ಮಂದಿ ಅರ್ಥಧಾರಿಗಳು, ಹಿಮ್ಮೇಳ ಸಹಿತ, ಬರಬಹುದೇ ಎಂದು ಕೇಳಿದ್ದರು. ಅವರಿಗೆ ಗುಂಪಿನ ಉತ್ತರ ಕೂಡಲೇ ಹೋಗಿತ್ತು. ಭಾಗವತರಿಗೆ ಆ ದಿನ ಬಿಡುವಿದೆಯೇ ಎಂದು ನಾನು ಫೋನಿನಲ್ಲಿ ಕೇಳುವ ಮೊದಲೇ ಅವರು ಪತ್ರವನ್ನು ತಮ್ಮ ಇನ್‌ಬಾಕ್ಸಿನಲ್ಲಿ ಓದಿದ್ದರು. ಸಂಜೆಗೆ ನಾನು ಎಲ್ಲರಿಗೂ ಉತ್ತರಿಸು ಒತ್ತಿ ಒಪ್ಪಿಗೆ ಬರೆದೆ. ರೈಲಿನ ಖರ್ಚಿನ ವಿಚಾರ ಅವರು ಬರೆದ ಮರುಪತ್ರ ನೇರ ಗುಂಪಿಗೆ ಬಂತು. ಖಜಾಂಚಿಯವರು ಅದನ್ನು ನನಗಿಂತ ಮೊದಲು ಓದಿ ಲೆಕ್ಕ ಕಳುಹಿಸಿಬಿಟ್ಟಿದ್ದರು.

ಎಲ್ಲರಿಗೂ ಹೀಗೆ ಸಲೀಸಾಗಲಿಲ್ಲ. ನಾಟ್ಯ ಗುರುಗಳಿಗೆ ಗುಂಪಿನ ಒಂದು ಪತ್ರವೂ ಕಾಣುತ್ತಿರಲಿಲ್ಲ. ಅವರ ಜಿಮೇಲ್ ಎಲ್ಲವನ್ನೂ ಸ್ಪ್ಯಾಮ್‌ಗೆ ತಳ್ಳುತ್ತಿತ್ತು. ಗುಂಪು ತಡೆಯದೆ ಬಿಟ್ಟ ಪತ್ರವನ್ನೂ ಸದಸ್ಯರ ಪೆಟ್ಟಿಗೆ ತನ್ನ ಲೆಕ್ಕದಲ್ಲಿ ಮತ್ತೊಮ್ಮೆ ಜಾಲಿಸುತ್ತದೆ. ಅವರ ಜಿಮೇಲ್‌ನ ಹುಡುಕುವ ಜಾಗದಲ್ಲಿ ಈ ಸಾಲು ಬರೆದು ಅದರಿಂದಲೇ ಒಂದು ಫಿಲ್ಟರ್ ಮಾಡಿ, ಎಂದೂ ಸ್ಪ್ಯಾಮ್‌ಗೆ ಹಾಕಬೇಡ ಎಂಬುದನ್ನು ಆರಿಸಿದೆ:

```
list:namma-sangha@googlegroups.com
```

ಇದು ಕಂಪ್ಯೂಟರಿನಲ್ಲಿ ಮಾತ್ರ ಆಗುವ ಕೆಲಸ, ಫೋನಿನ ಆ್ಯಪಿನಲ್ಲಿ ಫಿಲ್ಟರ್ ಮಾಡಲು ಬರುವುದಿಲ್ಲ. ಒಮ್ಮೆ ಮಾಡಿದರೆ ಫೋನಿಗೂ ಅನ್ವಯಿಸುತ್ತದೆ.

ತಿಂಗಳ ಕೊನೆಯಲ್ಲಿ ಮಾಷ್ಟ್ರ ಸ್ವಂತ ರಜಾ ಉತ್ತರ ತಾನಾಗಿ ನಿಂತಿತು. ಗುಂಪಿನದಕ್ಕೆ ಕೊನೆಯ ದಿನವನ್ನು ಹೇಳುವ ವ್ಯವಸ್ಥೆಯಿಲ್ಲ, ಕೈಯಾರೆ ನಿಲ್ಲಿಸಬೇಕು. ಆ ದಿನವನ್ನು ಫೋನಿನ ಕ್ಯಾಲೆಂಡರಿನಲ್ಲಿ ಹಾಕಿಟ್ಟಿದ್ದರಿಂದ ಮರೆಯದೆ ನಿಲ್ಲಿಸಿದೆ. ಯಾವಾಗಲೂ ಇರಲಿ, ಚೆನ್ನಾಗಿದೆ ಎಂದು ಖಜಾಂಚಿಯವರು ಹೇಳಿ ನೋಡಿದರು. ಸದಾ ಒಂದೇ ಪಾಠ ಒಪ್ಪಿಸುವ ಉತ್ತರವನ್ನು ಯಾರೂ ಓದುವುದಿಲ್ಲ, ನಿಜವಾಗಿ ಹೇಳಬೇಕಾದದ್ದು ಇರುವ ದಿನ ಅದೂ ಓದದೆ ಹೋಗುತ್ತದೆ ಎಂದು ನಾನು ಬಿಡಲಿಲ್ಲ.

ಗುಂಪಿಗೆ ಒಡೆಯರು ಇಬ್ಬರು, ಮಾಷ್ಟ್ರು ಮತ್ತು ನಾನು. ಒಬ್ಬರೇ ಆದರೆ ಮತ್ತೆ ಶಾರ್ಜಾದ ಕಥೆಯೇ. ಮಹಾಸಭೆಯಲ್ಲಿ ಹೊಸ ಸಮಿತಿ ಬಂದರೆ ಮೊದಲು ಹೊಸಬರನ್ನು ಒಡೆಯರನ್ನಾಗಿ ಮಾಡಿ, ಆ ಮೇಲೆ ಹಳಬರನ್ನು ತೆಗೆಯುವುದೆಂದು ನಿರ್ಣಯ ಪುಸ್ತಕದಲ್ಲಿ ಬರೆದಿದ್ದೇವೆ.

ಉಳಿದದ್ದು ಹಳೆಯ ಖಾತೆ. ಅಚ್ಚಾದ ಆಮಂತ್ರಣಗಳಲ್ಲಿ, ಹಳೆಯ ಬ್ಯಾನರುಗಳಲ್ಲಿ ಆ ವಿಳಾಸ ಇನ್ನೂ ಇದೆ. ಶಾರ್ಜಾದವರು ಒಂದು ಶುಕ್ರವಾರ ಬಿಡುವಿನಲ್ಲಿದ್ದಾಗ ಫೋನಿನಲ್ಲಿ ಮಾತನಾಡುತ್ತಲೇ ಕೋಡ್ ಓದಿ ಹೇಳಿದರು, ಒಳಗೆ ಹೋದೆ. ಗುರುತಿನ ಮೊಬೈಲ್ ಸಂಖ್ಯೆಯನ್ನು ಬದಲಿಸಿ ಪಾಸ್‌ವರ್ಡನ್ನೂ ಬದಲಿಸಿದೆ. ಆಮೇಲೆ ಅಲ್ಲೂ ರಜಾ ಉತ್ತರವನ್ನೇ ಇಟ್ಟೆ: ಸಂಘದ ವಿಳಾಸ ಬದಲಾಗಿದೆ, ದಯವಿಟ್ಟು ಇಲ್ಲಿಗೆ ಬರೆಯಿರಿ. ಕೊನೆಯ ದಿನದ ಚೌಕವನ್ನು ಖಾಲಿ ಬಿಟ್ಟರೆ ಅದು ನಿಲ್ಲದೆ ನಡೆಯುತ್ತದೆ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಿಹಾಕುವ ನಿಯಮ ಗೂಗಲ್‌ನಲ್ಲಿರುವುದರಿಂದ, ಪ್ರತಿ ವರ್ಷ ಮಹಾಸಭೆಯ ನೋಟೀಸು ಕಳುಹಿಸುವ ದಿನ ಅದಕ್ಕೊಮ್ಮೆ ಲಾಗಿನ್ ಆಗಿ, ಬಂದ ಪತ್ರಗಳಲ್ಲಿ ಬೇಕಾದವನ್ನು ಗುಂಪಿಗೆ ದಾಟಿಸುವುದೆಂದು ಇಟ್ಟುಕೊಂಡಿದ್ದೇನೆ.